14% ಅಂತ ಹೇಳಿದ ಪರ್ಸನಲ್ ಲೋನ್: ಸ್ಕ್ರೀನ್‌ಶಾಟ್‌ನ ಇಎಂಐಗೂ ನಮ್ಮ ಲೆಕ್ಕಕ್ಕೂ ತಿಂಗಳಿಗೆ 444 ರೂಪಾಯಿ ವ್ಯತ್ಯಾಸ ಯಾಕೆ?

ಸುರತ್ಕಲ್_ರೈಲು

ಎಲ್ಲರಿಗೂ ನಮಸ್ಕಾರ. ಒಂದು ಫೈನಾನ್ಸ್ ಕಂಪನಿಯ ಏಜೆಂಟ್ ವಾಟ್ಸಾಪ್‌ನಲ್ಲಿ ಇಎಂಐ ಪಟ್ಟಿಯ ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಕಂಪನಿ ಹೆಸರು ಇಲ್ಲಿ ಬೇಡ. ಮೇಲ್ಗಡೆ ಸಾಲ 3,00,000, ಬಡ್ಡಿ 14% ರಿಡ್ಯೂಸಿಂಗ್, 36 ತಿಂಗಳು, ಇಎಂಐ 10,697, ಖಾತೆಗೆ ಜಮಾ 2,91,150 ಅಂತ ಉಂಟು. ಎಕ್ಸೆಲ್‌ನಲ್ಲಿ ಹಾಕಿ ನೋಡಿದರೆ ಇಎಂಐ 10,253 ಮಾತ್ರ ಬರ್ತದೆ. ಏಜೆಂಟ್ ಹತ್ತಿರ ಕೇಳಿದ್ದಕ್ಕೆ "ಸಿಸ್ಟಮ್ ಕ್ಯಾಲ್ಕುಲೇಶನ್ ಸರ್, ಸ್ವಲ್ಪ ಹೆಚ್ಚು ಕಡಿಮೆ ಇರ್ತದೆ" ಅಂದರು.

ಪಟ್ಟಿಯಲ್ಲಿ ಕಂತು, ಅಸಲು, ಬಡ್ಡಿ ಈ ಮೂರೇ ಕಾಲಂ. ಬಾಕಿ ತೋರಿಸುವ ಕಾಲಂ ಇಲ್ಲ. ನನ್ನ ಹತ್ತಿರ ಇರುವ ಸಾಲುಗಳು ಇವು:

1ನೇ ಕಂತು: ಅಸಲು 7,046, ಬಡ್ಡಿ 3,651
2ನೇ ಕಂತು: ಅಸಲು 7,128, ಬಡ್ಡಿ 3,569
3ನೇ ಕಂತು: ಅಸಲು 7,211, ಬಡ್ಡಿ 3,486
13ನೇ ಕಂತು: ಅಸಲು 8,098, ಬಡ್ಡಿ 2,599

444 ರೂಪಾಯಿ ಎಲ್ಲಿಂದ ಬಂತು ಅಂತ ಇಷ್ಟರಲ್ಲೇ ಕಂಡುಹಿಡಿಯಬಹುದಾ?

ಬಂದರ್_ಬಾಬು

ಎಂತ ಕಷ್ಟ ಮಾರಾಯ್ರೇ ಇದರಲ್ಲಿ? 14% ಅಂತ ಹೇಳಿ 17% ಹಾಕಿದ್ದಾರೆ ಅಷ್ಟೇ. 3 ಲಕ್ಷಕ್ಕೆ 17% ಹಾಕಿ ನೋಡಿ, ಇಎಂಐ 10,696 ಬರ್ತದೆ. ಒಂದು ರೂಪಾಯಿ ವ್ಯತ್ಯಾಸ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ನೇರ ಕಂಪ್ಲೇಂಟ್ ಕೊಡಿ.

ಹಂಪನಕಟ್ಟೆ_ಕ್ಯಾಶ್

17 ಅಲ್ಲ ಬಾಬು, ಇದು ಫ್ಲ್ಯಾಟ್ ರೇಟ್ ಆಟ. 3 ಲಕ್ಷಕ್ಕೆ 9.45% ಫ್ಲ್ಯಾಟ್ ಹಾಕಿದರೂ 10,696 ಬರ್ತದೆ. ಐದು ಬ್ಯಾಂಕ್ ಹುಟ್ಟಿದ ಜಿಲ್ಲೆಯವರು ನಾವು, ನಮಗೇ ಟೋಪಿ ಹಾಕ್ತಾರೆ.

ಮಣಿಪಾಲ್_ಲೆಡ್ಜರ್

ಇಬ್ಬರ ಲೆಕ್ಕವೂ ಗಣಿತದಲ್ಲಿ ತಪ್ಪಿಲ್ಲ, ತೊಂದರೆ ಇರುವುದು ಅಲ್ಲೇ. ಇಎಂಐ ಅನ್ನುವುದು ಒಂದೇ ಒಂದು ಸಂಖ್ಯೆ. ದರ ಏರಿಸಿದರೂ ಅದು ಏರ್ತದೆ, ಅಸಲು ಏರಿಸಿದರೂ ಏರ್ತದೆ. ಹಾಗಾಗಿ ಇಎಂಐ ಒಂದನ್ನೇ ಹಿಡಿದುಕೊಂಡರೆ ಎಲ್ಲಿ ಸೇರಿಸಿದ್ದಾರೆ ಅಂತ ತಿಳಿಯುವುದಿಲ್ಲ. ಅಸಲು ಮತ್ತು ಬಡ್ಡಿಯ ಕಾಲಂ ನೋಡಬೇಕು.

ಮೊದಲು ಬಾಬು ಅವರ 17%. ನಿಜವಾಗಿ 3 ಲಕ್ಷಕ್ಕೆ 17% ಹಾಕಿದ್ದರೆ ಮೊದಲ ತಿಂಗಳ ಬಡ್ಡಿ 4,250 ಆಗಬೇಕಿತ್ತು. ಪಟ್ಟಿಯಲ್ಲಿ ಇರುವುದು 3,651. ಇನ್ನು ಫ್ಲ್ಯಾಟ್ ಆಗಿದ್ದರೆ ಬಡ್ಡಿ ಪ್ರತಿ ತಿಂಗಳೂ ಒಂದೇ ಇರಬೇಕು, 2,363ರ ಆಸುಪಾಸು. ಇಲ್ಲಿ ಅದು ತಿಂಗಳು ತಿಂಗಳು ಇಳಿಯುತ್ತಾ ಇದೆ. ಎರಡೂ ಅಲ್ಲ.

ಈಗ ಪಟ್ಟಿಯೊಳಗಿನ ನಿಜವಾದ ದರ. ಇಎಂಐ ಬದಲಾಗುವುದಿಲ್ಲ ಅಲ್ವಾ? ಈ ತಿಂಗಳು ಕಟ್ಟಿದ ಅಸಲಿನ ಮೇಲೆ ಮುಂದಿನ ತಿಂಗಳು ಬಡ್ಡಿ ಬೀಳುವುದಿಲ್ಲ. ಬಡ್ಡಿಯಲ್ಲಿ ಎಷ್ಟು ಇಳಿಯಿತೋ ಅಷ್ಟೇ ಅಸಲಿನ ಪಾಲು ಏರ್ತದೆ. ಅಂದರೆ ಅಸಲಿನ ಕಾಲಂ ತಿಂಗಳಿಗೆ ಸರಿಯಾಗಿ ಮಾಸಿಕ ಬಡ್ಡಿದರದಷ್ಟೇ ಬೆಳೆಯುತ್ತಾ ಹೋಗ್ತದೆ. ದರ ತಿಳಿಯಲು ದೂರದ ಎರಡು ಸಾಲು ಸಾಕು, ಬಾಕಿಯ ಕಾಲಂ ಬೇಕಾಗಿಲ್ಲ. 1ನೇ ಕಂತಿನ ಅಸಲು 7,046, 13ನೇದು 8,098:

```
=((8098/7046)^(1/12)-1)*12
```

ಉತ್ತರ 0.13997. ಅಂದರೆ 14%. ದರದಲ್ಲಿ ಸುಳ್ಳು ಹೇಳಿಲ್ಲ. ಪಕ್ಕ ಪಕ್ಕದ ಸಾಲು, ಅಂದರೆ 1 ಮತ್ತು 2 ತೆಗೆದುಕೊಂಡರೂ ಬರ್ತದೆ, ಆದರೆ ಪೈಸೆ ತೆಗೆದು ರೂಪಾಯಿಗೆ ರೌಂಡ್ ಮಾಡಿರುವುದರಿಂದ ದರದಲ್ಲಿ 0.17 ಪರ್ಸೆಂಟ್‌ವರೆಗೂ ಅಲುಗಾಡಬಹುದು. 12 ತಿಂಗಳ ಅಂತರ ಇದ್ದರೆ ಆ ತೊಂದರೆ ಇಲ್ಲ.

ದರ ಸರಿ ಇದ್ದ ಮೇಲೆ ಅಸಲು ನೋಡಿ. ಮೊದಲ ತಿಂಗಳ ಬಡ್ಡಿಯನ್ನು ಮಾಸಿಕ ದರದಿಂದ ಭಾಗಿಸಿದರೆ ಯಾವ ಮೊತ್ತದ ಮೇಲೆ ಬಡ್ಡಿ ಹಾಕಿದ್ದಾರೆ ಅಂತ ಸಿಗ್ತದೆ. ಇಎಂಐಯಿಂದ ಹಿಂದಕ್ಕೆ ಹೋದರೂ ಸಿಗ್ತದೆ:

```
=3651/(14%/12)
=PV(14%/12,36,-10697)
```

ಮೊದಲನೆಯದು 3,12,943. ಎರಡನೆಯದು 3,12,982. ಒಂದು ರೂಪಾಯಿಯ ರೌಂಡಿಂಗ್ ಮೊದಲ ಲೆಕ್ಕದಲ್ಲಿ 43 ರೂಪಾಯಿ ಆಚೆ ಈಚೆ ಮಾಡ್ತದೆ, ಹಾಗಾಗಿ ಎರಡನೆಯದನ್ನೇ ಹೆಚ್ಚು ನಂಬಿ. ನಿಮ್ಮ ಸಾಲ 3,00,000 ಅಲ್ಲ. ಸುಮಾರು 12,980 ರೂಪಾಯಿ ಅಸಲಿಗೆ ಸೇರಿಸಿದ್ದಾರೆ.

ಸುರತ್ಕಲ್_ರೈಲು

ಓ ದೇವರೇ. ಮೇಲ್ಗಡೆ ದೊಡ್ಡದಾಗಿ 3,00,000 ಅಂತ ಬರೆದಿದ್ದಾರಲ್ಲ ಸರ್? ನಾನು ಬ್ಯಾಂಕಿನವರ ಲೆಕ್ಕದ ಹಾಗೆ ಪೂರ್ತಿ ಟೇಬಲ್ ಮಾಡಿ ಪಕ್ಕದಲ್ಲಿ ಇಟ್ಟು ನೋಡಬೇಕಾ ಇನ್ನೊಮ್ಮೆ?

ಮಣಿಪಾಲ್_ಲೆಡ್ಜರ್

ಮಾಡಿ, ಐದು ನಿಮಿಷದ ಕೆಲಸ. A ಕಾಲಂ ತಿಂಗಳ ಆರಂಭದ ಬಾಕಿ, B ಬಡ್ಡಿ, C ಅಸಲು:

```
A2: 300000
B2: =A2*14%/12
C2: =10253-B2
A3: =A2-C2
```

B2, C2 ಎರಡನ್ನೂ ಕೆಳಗೆ ಎಳೆಯಿರಿ, A3 ಅನ್ನು ಕೂಡ. D ಕಾಲಂನಲ್ಲಿ ಸ್ಕ್ರೀನ್‌ಶಾಟ್‌ನ ಬಡ್ಡಿಯನ್ನು ಕೈಯಲ್ಲಿ ಟೈಪ್ ಮಾಡಿ, E ಕಾಲಂನಲ್ಲಿ D2/B2 ಹಾಕಿ.

ನೋಡಬೇಕಾದದ್ದು ಆ E ಕಾಲಂ ಮಾತ್ರ. ಮೊದಲ ಸಾಲಿನಲ್ಲಿ 3,651 ಭಾಗಿಸು 3,500, ಎರಡನೆಯದರಲ್ಲಿ 3,569 ಭಾಗಿಸು 3,421. ಎರಡೂ 1.043. ಇಎಂಐ ಭಾಗಿಸಿದರೂ 1.043. ಕೆಳಗಿನವರೆಗೂ ಅದೇ ಅನುಪಾತ ನಿಂತಿದ್ದರೆ ಅಸಲನ್ನು ಉಬ್ಬಿಸಿದ್ದಾರೆ ಅಂತ ಅರ್ಥ. ದರ ಏರಿಸಿದ್ದರೆ ಅನುಪಾತ ಹೀಗೆ ನಿಲ್ಲುವುದಿಲ್ಲ: 17%ರ ಪಟ್ಟಿಯಲ್ಲಿ ಮೊದಲ ಸಾಲಿನ ಬಡ್ಡಿಯೇ 1.21 ಪಟ್ಟು ಇರ್ತದೆ, ಆದರೆ ಇಎಂಐ ಮಾತ್ರ 1.043 ಪಟ್ಟು. ಮೊದಲನೇ ಸಾಲು ಒಂದರಲ್ಲೇ ಅನುಪಾತ ಕೆಟ್ಟು ಉಳಿದದ್ದು ಸರಿ ಇದ್ದರೆ ಅದು ಬೇರೆಯೇ ಕಥೆ, ದಿನಗಳ ಬಡ್ಡಿಯದ್ದು.

ಟೈಪ್ ಮಾಡುವಾಗ ಒಂದು ಎಚ್ಚರ. ವಾಟ್ಸಾಪ್ ಚಿತ್ರವನ್ನು ಕುಗ್ಗಿಸ್ತದೆ, 3 ಮತ್ತು 8 ಒಂದೇ ಹಾಗೆ ಕಾಣ್ತವೆ. ಪ್ರತಿ ಸಾಲಿನಲ್ಲೂ ಅಸಲು ಮತ್ತು ಬಡ್ಡಿ ಕೂಡಿಸಿ, 10,697 ಬಾರದಿದ್ದರೆ ಕಂಪನಿಯನ್ನು ಬೈಯುವ ಮೊದಲು ನಿಮ್ಮ ಟೈಪಿಂಗ್ ನೋಡಿ. ಕೊನೆಯ ಕಂತು ಮಾತ್ರ 10,693 ಅಂತ ಇದ್ದರೆ ಹೆದರಬೇಡಿ. ಪ್ರತಿ ತಿಂಗಳು ರೌಂಡ್ ಮಾಡಿದ ಪೈಸೆ ಕೊನೆಯಲ್ಲಿ ಅಲ್ಲಿ ಸರಿಯಾಗ್ತದೆ.

ಬಂದರ್_ಬಾಬು

ಸರಿ, ಒಪ್ಪಿದೆ. ಆದರೆ ನನ್ನ 17% ಪೂರ್ತಿ ಸುಳ್ಳಲ್ಲ ಅಲ್ಲ? ಇವರಿಗೆ ಸಿಗುವುದು 3 ಲಕ್ಷ, ಕಟ್ಟುವುದು 10,697. ಕಟ್ಟುವವನಿಗೆ 17% ಬಿದ್ದ ಹಾಗೆಯೇ ಆಯಿತಲ್ಲ.

ಮಣಿಪಾಲ್_ಲೆಡ್ಜರ್

ಆ ದಾರಿ ಸರಿ ಬಾಬು, ಆದರೆ ನೀವು ಅರ್ಧದಲ್ಲಿ ನಿಂತಿರಿ. ಇವರ ಕೈಗೆ 3 ಲಕ್ಷ ಕೂಡ ಬರುವುದಿಲ್ಲ. ಖಾತೆಗೆ ಜಮಾ 2,91,150. ಕಡಿತ 8,850. ಅದು 2.5% ಪ್ರೊಸೆಸಿಂಗ್ ಫೀ 7,500, ಅದರ ಮೇಲೆ 18% ಜಿಎಸ್‌ಟಿ 1,350. ಹಾಗಾಗಿ:

```
=RATE(36,-10697,291150)*12
```

19.17% ಬರ್ತದೆ. ಪ್ರೊಸೆಸಿಂಗ್ ಫೀ ಮಾತ್ರ ಇದ್ದು ಇಎಂಐ 10,253 ಆಗಿದ್ದರೆ 16.12%. ನಡುವಿನ 3% ಆ ಕಾಣದ 12,980ರದ್ದು.

ಒಂದು ಗಮನಿಸಿ. ಪ್ರೊಸೆಸಿಂಗ್ ಫೀ ಇಎಂಐ ಪಟ್ಟಿಯಲ್ಲಿ ಎಲ್ಲೂ ಕಾಣುವುದಿಲ್ಲ, ಅದು ಜಮಾ ಆಗುವ ಮೊತ್ತದಲ್ಲಿ ಅಡಗಿದೆ. 12,980 ಜಮಾದಲ್ಲಿ ಕಾಣುವುದಿಲ್ಲ, ಅದು ಪಟ್ಟಿಯಲ್ಲಿ ಅಡಗಿದೆ. ಎರಡನ್ನೂ ಒಟ್ಟಿಗೆ ಇಟ್ಟರೆ ಮಾತ್ರ ಪೂರ್ತಿ ಲೆಕ್ಕ. ಹಣ ಬಂದ ದಿನ ಪಾಸ್‌ಬುಕ್ ಕೂಡ ನೋಡಿ: ಫೀಯನ್ನು ಉಬ್ಬಿಸಿದ ಅಸಲಿನ ಮೇಲೆ ಹಾಕಿದ್ದರೆ ಜಮಾ 2,90,767 ಆಗಿರ್ತದೆ.

ಕುಂದಾಪ್ರ_ಕಾಣಿ

ನಂದೂ ಒಂದ್ ಕಾಣಿ ಹಂಗಾರೆ. ಕಾರ್ ಲೋನ್ 5 ಲಕ್ಷ, 9.5%. ಮೊದಲನೇ ಕಂತಿನ ಬಡ್ಡಿ 6,301 ಅಂತ ಹಾಕಿದಾರೆ. ನಿಮ್ಮ ಸೂತ್ರ ಹಾಕಿದ್ರೆ ಅಸಲು ಸುಮಾರು 7,96,000 ಬತ್ತ್! 3 ಲಕ್ಷ ಸೇರ್ಸಿದ್ರಾ ಎಂತ ಕಥೆ? ಎರಡನೇ ಕಂತಿನಿಂದ ಸರಿ ಇತ್ತ್. ಆಗಸ್ಟ್ 18ಕ್ಕೆ ಅಗ್ರಿಮೆಂಟ್, ಮೊದಲ ಕಂತು ಅಕ್ಟೋಬರ್ 5.

ಮಣಿಪಾಲ್_ಲೆಡ್ಜರ್

ಮೇಲೆ ಹೇಳಿದ ಬೇರೆ ಕಥೆ ಇದೇ. ಮೊದಲ ಸಾಲನ್ನು ಮಾತ್ರ ನಂಬಿದರೆ ಹೀಗೆ ಗಾಬರಿ ಆಗ್ತದೆ, ಎರಡನೇ ಸಾಲಿನಿಂದ ಲೆಕ್ಕ ಹಾಕಿ.

5 ಲಕ್ಷಕ್ಕೆ 9.5%ರಲ್ಲಿ ತಿಂಗಳ ಬಡ್ಡಿ 3,958. ನಿಮ್ಮಲ್ಲಿ ಹೆಚ್ಚುವರಿ 2,343. ಒಂದು ದಿನದ ಬಡ್ಡಿ 5,00,000 ಗುಣಿಸು 9.5% ಭಾಗಿಸು 365, ಅಂದರೆ 130.14. ಹೆಚ್ಚುವರಿಯನ್ನು ಇದರಿಂದ ಭಾಗಿಸಿ: ಸರಿಯಾಗಿ 18. ಹೀಗೆ ಪೂರ್ಣ ಸಂಖ್ಯೆ ಬಂದರೆ ಅದು ಫೀ ಅಲ್ಲ, ದಿನಗಳ ಬಡ್ಡಿ. ಆಗಸ್ಟ್ 18ರಿಂದ ಸೆಪ್ಟೆಂಬರ್ 5ರವರೆಗೆ 18 ದಿನ. ಭಾಗಿಸಿದಾಗ 18.6, 23.3 ಹೀಗೆ ಬಂದರೆ ಬೇರೇನೋ ಸೇರಿದೆ ಅಂತ ಅನುಮಾನ ಪಡಬೇಕು.

ಆದರೆ ಒಂದು ಪ್ರಶ್ನೆ. 18 ಅಗ್ರಿಮೆಂಟ್ ದಿನ ಅಂದಿರಿ. ಡೀಲರ್ ಖಾತೆಗೆ ಹಣ ಹೋದದ್ದು ಯಾವಾಗ?

ಕುಂದಾಪ್ರ_ಕಾಣಿ

25ಕ್ಕೆ. ಗಾಡಿ ಸ್ಟಾಕ್ ಇರ್ಲಿಲ್ಲ ಅಂದ್ರ್.

ಮಣಿಪಾಲ್_ಲೆಡ್ಜರ್

ಹಾಗಾದರೆ 11 ದಿನಕ್ಕೆ ಮಾತ್ರ ಬಡ್ಡಿ ಬರಬೇಕು. 7 ದಿನದ 911 ರೂಪಾಯಿ ಹೆಚ್ಚು ತೆಗೆದಿದ್ದಾರೆ. 2024ರ ಏಪ್ರಿಲ್ 29ರ ಆರ್‌ಬಿಐ ಸುತ್ತೋಲೆಯಲ್ಲಿ ಇದನ್ನೇ ಎತ್ತಿ ಹೇಳಿದೆ: ಹಣ ಬಿಡುಗಡೆ ಮಾಡಿದ ದಿನದ ಬದಲು ಮಂಜೂರಾತಿ ಅಥವಾ ಅಗ್ರಿಮೆಂಟ್ ದಿನದಿಂದ ಬಡ್ಡಿ ಹಾಕುವುದು ಸರಿಯಲ್ಲ, ಹಾಕಿದ್ದರೆ ಮರಳಿಸಬೇಕು ಅಂತ. ಡೀಲರ್‌ಗೆ ಹಣ ಹೋದ ಯುಟಿಆರ್ ನಂಬರ್ ಮತ್ತು ದಿನಾಂಕ ಬರವಣಿಗೆಯಲ್ಲಿ ಕೇಳಿ. ಮೊತ್ತ ಸಣ್ಣದು ಅಂತ ಬಿಡಬೇಡಿ ಎಂದು ನಾನು ಹೇಳುವುದಿಲ್ಲ, ಅದು ನಿಮ್ಮಿಷ್ಟ.

ಕಾಪು_ಲೈಟ್‌ಹೌಸ್

ಇಷ್ಟೆಲ್ಲಾ ತಲೆಬಿಸಿ ಯಾಕೆ? ಸೊಸೈಟಿಯಲ್ಲಿ ಚಿನ್ನ ಇಟ್ಟರೆ ಮುಗಿಯಿತು. ವರ್ಷಕ್ಕೊಮ್ಮೆ ಬಡ್ಡಿ ಕಟ್ಟಿ ರಿನ್ಯೂ ಮಾಡುವುದು, ಇಎಂಐಯೇ ಇಲ್ಲ.

ಹಂಪನಕಟ್ಟೆ_ಕ್ಯಾಶ್

ಅಕ್ಕ, ಅವರು ಕೇಳಿದ್ದು ಯಾವ ಸಾಲ ತೆಗೆಯಬೇಕು ಅಂತ ಅಲ್ಲ.

ಸುರತ್ಕಲ್_ರೈಲು

ಏಜೆಂಟ್‌ಗೆ 12,980 ಅಂತ ಸಂಖ್ಯೆ ಹಾಕಿಯೇ ಮೆಸೇಜ್ ಮಾಡಿದೆ. ಅರ್ಧ ಗಂಟೆ ಬಿಟ್ಟು ಉತ್ತರ: "ಅದು ಲೋನ್ ಪ್ರೊಟೆಕ್ಷನ್ ಇನ್ಶೂರೆನ್ಸ್ ಸರ್, ನಿಮ್ಮ ಒಳ್ಳೆಯದಕ್ಕೇ." ಬೇಡ ಅಂದರೆ ಆಗ್ತದಾ ಕೇಳಿದೆ. ಆಗ್ತದೆ, ಆದರೆ ಬಡ್ಡಿ 14.75% ಆಗ್ತದೆ ಅಂದರು. ಈಗ ಯಾವುದು ಲಾಭ?

ಮಣಿಪಾಲ್_ಲೆಡ್ಜರ್

11,000 ಪ್ರೀಮಿಯಂ, 18% ಜಿಎಸ್‌ಟಿ ಸೇರಿ 12,980. ಸಂಖ್ಯೆ ಸರಿ ಹೊಂದುತ್ತದೆ.

14.75%ಕ್ಕೆ ಹೆದರಬೇಡಿ, ಲೆಕ್ಕ ಹಾಕಿ. 3 ಲಕ್ಷಕ್ಕೆ ಆ ದರದಲ್ಲಿ ಇಎಂಐ 10,363. ಈಗಿನದಕ್ಕಿಂತ ತಿಂಗಳಿಗೆ 334 ಕಡಿಮೆ, 36 ತಿಂಗಳಿಗೆ 12,024 ಉಳಿತಾಯ. ಕೈಗೆ ಬರುವ ಮೊತ್ತ ಅದೇ 2,91,150 ಆದರೆ RATE ಹಾಕಿ ನೋಡಿ, 16.88%. ಹೆಚ್ಚು ದರದ ಸಾಲ ಕಡಿಮೆ ಬೆಲೆಗೆ ಬಿತ್ತು.

ವಿಮೆಯ ಪ್ರೀಮಿಯಂ ಕೂಡ ಸಾಲಕ್ಕೇ ಸೇರುವುದರಿಂದ ಅದಕ್ಕೂ 14% ಬಡ್ಡಿ ಕಟ್ತೀರಿ. 12,980ರ ವಿಮೆಗೆ ತಿಂಗಳಿಗೆ 444ರ ಹಾಗೆ 36 ತಿಂಗಳಲ್ಲಿ ಕೊಡುವುದು 15,984.

ಪಡುಬಿದ್ರಿ_ಪಾಲಿಸಿ

ನಾನು ಇನ್ಶೂರೆನ್ಸ್ ಕೆಲಸದವನು, ಸ್ವಲ್ಪ ಜಗಳ ಮಾಡ್ತೇನೆ. ವಿಮೆಯನ್ನು ಸಾಲದ ಖರ್ಚು ಅಂತ ಹಾಕಿ 19% ಅನ್ನುವುದು ಅನ್ಯಾಯ. ಸಾಲಗಾರ ತೀರಿಕೊಂಡರೆ ಮನೆಯವರ ತಲೆ ಮೇಲೆ ಬೀಳುವುದಿಲ್ಲ. ಆ ರಕ್ಷಣೆಗೆ ಬೆಲೆ ಇಲ್ಲವಾ? 19.17ರಲ್ಲಿ 3 ಪರ್ಸೆಂಟ್ ರಕ್ಷಣೆಯ ಬೆಲೆ, ಬಡ್ಡಿ ಅಲ್ಲ.

ಮಣಿಪಾಲ್_ಲೆಡ್ಜರ್

ಬೆಲೆ ಇದೆ, ಒಪ್ಪುತ್ತೇನೆ. ಆದರೆ ಎಪಿಆರ್‌ನಲ್ಲಿ, ಅಂದರೆ ಖರ್ಚೆಲ್ಲ ಸೇರಿದ ವಾರ್ಷಿಕ ದರದಲ್ಲಿ, ಅದನ್ನು ಸೇರಿಸಬೇಕು ಅಂತ ಹೇಳಿದ್ದು ನಾನಲ್ಲ. 2024ರ ಏಪ್ರಿಲ್ 15ರ ಆರ್‌ಬಿಐ ಸುತ್ತೋಲೆ ಪ್ರಕಾರ, ಸಾಲ ಕೊಡುವವರು ಬೇರೆಯವರ ಪರವಾಗಿ ವಸೂಲು ಮಾಡುವ ವಿಮೆಯಂಥ ಖರ್ಚುಗಳೂ ಎಪಿಆರ್‌ಗೆ ಸೇರಬೇಕು, ಬೇರೆಯಾಗಿ ತೋರಿಸಲೂ ಬೇಕು. 2024ರ ಅಕ್ಟೋಬರ್ 1ರಿಂದ ಹೊಸ ರಿಟೇಲ್ ಸಾಲಗಳಿಗೆಲ್ಲ ಇದು ಕಡ್ಡಾಯ. ಸಾಲದ ಜೊತೆ ಕೆಎಫ್‌ಎಸ್, ಅಂದರೆ ಸಾಲದ ಮುಖ್ಯ ವಿವರಗಳ ಹಾಳೆ, ಕೊಡಲೇಬೇಕು, ಅದರಲ್ಲಿ ಎಪಿಆರ್ ಲೆಕ್ಕದ ಹಾಳೆ ಮತ್ತು ಕಂತಿನ ಪಟ್ಟಿ ಇರಬೇಕು. ಕೆಎಫ್‌ಎಸ್‌ನಲ್ಲಿ ಇಲ್ಲದ ಫೀಯನ್ನು ಸಾಲಗಾರನ ಸ್ಪಷ್ಟ ಒಪ್ಪಿಗೆ ಇಲ್ಲದೆ ಹಾಕುವ ಹಾಗಿಲ್ಲ.

ಸುರತ್ಕಲ್ ಅವರೇ, ಏಜೆಂಟ್ ಕಳಿಸಿದ ಸ್ಕ್ರೀನ್‌ಶಾಟ್ ಕೆಎಫ್‌ಎಸ್ ಅಲ್ಲ. ಎರಡು ಕೆಎಫ್‌ಎಸ್ ಕೇಳಿ, ವಿಮೆ ಇರುವುದು ಒಂದು, ಇಲ್ಲದ್ದು ಒಂದು. ಕನ್ನಡದಲ್ಲಿ ಕೇಳಿದರೂ ತಪ್ಪಿಲ್ಲ, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು ಅಂತಲೇ ನಿಯಮ. ಎಪಿಆರ್ ಕಾಲಂನಲ್ಲಿ 19.17ರ ಹತ್ತಿರದ ಸಂಖ್ಯೆ ಇದ್ದರೆ ಅವರು ಅಡಗಿಸಿಲ್ಲ, ಏಜೆಂಟ್ ಮಾತ್ರ ಹೇಳಲಿಲ್ಲ. ಅಲ್ಲಿ 16.1 ಇದ್ದು ಪಟ್ಟಿಯಲ್ಲಿ 10,697 ಇದ್ದರೆ ವಿಮೆಯನ್ನು ಎಪಿಆರ್‌ನಿಂದ ಹೊರಗೆ ಇಟ್ಟಿದ್ದಾರೆ.

ಪಡುಬಿದ್ರಿ_ಪಾಲಿಸಿ

ನಿಯಮ ಇರಲಿ. ನಾನು ಹೇಳುವುದು, 12,024 ಉಳಿತಾಯ ಅಂತ ವಿಮೆ ಬಿಟ್ಟರೆ ಆ ಹಣಕ್ಕೆ ಬೇರೆ ಟರ್ಮ್ ಪಾಲಿಸಿ ಇದೆಯಾ ನೋಡಿಕೊಳ್ಳಿ. ವಯಸ್ಸು 50 ದಾಟಿದವರಿಗೆ, ಶುಗರ್ ಇರುವವರಿಗೆ ಹೊರಗೆ ಟರ್ಮ್ ಸುಲಭಕ್ಕೆ ಸಿಗುವುದಿಲ್ಲ. ಅವರಿಗೆ ಸಾಲದ ಜೊತೆಗಿನ ಗ್ರೂಪ್ ವಿಮೆಯೇ ಅಗ್ಗ ಆಗಬಹುದು.

ಮಣಿಪಾಲ್_ಲೆಡ್ಜರ್

ಅಂಥವರ ವಿಷಯದಲ್ಲಿ ನಿಮ್ಮ ಮಾತು ಸರಿ ಇರಬಹುದು. ಆದರೂ ಪ್ರೀಮಿಯಂ ಸಾಲಕ್ಕೆ ಸೇರಿಸದೆ ಕೈಯಿಂದ ಕಟ್ಟುವ ಆಯ್ಕೆ ಕೇಳಬಹುದು, ಅದಕ್ಕೆ 14% ಬಡ್ಡಿ ಯಾಕೆ? ಇನ್ನೊಂದು: ಸಾಲ 12ನೇ ತಿಂಗಳಲ್ಲಿ ಮುಗಿಸಿದರೆ ಉಳಿದ ಎರಡು ವರ್ಷದ ವಿಮೆಯ ಹಣ ಎಷ್ಟು ಮರಳುತ್ತದೆ ಅಂತ ಸರ್ಟಿಫಿಕೇಟ್‌ನಲ್ಲಿ ಬರೆದಿರಬೇಕು.

ಬಂದರ್_ಬಾಬು

ಪಾಲಿಸಿ ಅಣ್ಣ, ಹೇಗೂ ಇದ್ದೀರಿ, ಹೇಳಿ. 36 ತಿಂಗಳಿಗೆ 3 ಲಕ್ಷದ ವಿಮೆಗೆ 11,000 ಸರಿಯಾದ ರೇಟಾ?

ಪಡುಬಿದ್ರಿ_ಪಾಲಿಸಿ

ವಯಸ್ಸು ಗೊತ್ತಿಲ್ಲದೆ ಹೇಳಲಿಕ್ಕೆ ಆಗುವುದಿಲ್ಲ. ಸಾಯುವ ರಿಸ್ಕ್ ಮಾತ್ರವಾ, ಅಪಘಾತ, ಕೆಲಸ ಹೋದದ್ದು ಎಲ್ಲ ಸೇರಿದೆಯಾ, ಕವರ್ ಸಾಲದ ಜೊತೆ ಇಳಿಯುತ್ತದಾ ಅಥವಾ ಕೊನೆವರೆಗೂ 3 ಲಕ್ಷವೇ ಇರುತ್ತದಾ, ಅದರ ಮೇಲೆ ಹೋಗ್ತದೆ. 30 ವಯಸ್ಸಿನ ಆರೋಗ್ಯವಂತನಿಗೆ ಬರೀ ಸಾವಿನ ಕವರ್ ಆದರೆ ನನಗೂ ಜಾಸ್ತಿಯೇ ಅನಿಸುತ್ತದೆ.

ಸುರತ್ಕಲ್_ರೈಲು

ವಯಸ್ಸು 31. ಇವತ್ತೇ ಸೈನ್ ಮಾಡದಿದ್ದರೆ ಆಫರ್ ಹೋಗ್ತದೆ ಅಂತ ಏಜೆಂಟ್ ಬೆಳಿಗ್ಗೆಯಿಂದ ಫೋನ್ ಮಾಡ್ತಾ ಇದ್ದಾರೆ.

ಮಣಿಪಾಲ್_ಲೆಡ್ಜರ್

ಕೆಎಫ್‌ಎಸ್ ಕೊಟ್ಟ ಮೇಲೆ ಅದರಲ್ಲಿರುವ ಷರತ್ತಿಗೆ ಒಪ್ಪಲು ಕನಿಷ್ಠ ಮೂರು ಕೆಲಸದ ದಿನ ಸಮಯ ಇರಬೇಕು, ಅಷ್ಟು ದಿನ ಕಂಪನಿ ಅದಕ್ಕೆ ಬದ್ಧ. ಕೆಎಫ್‌ಎಸ್ ಇನ್ನೂ ಕೊಟ್ಟೇ ಇಲ್ಲ ಅಂದರೆ ಸೈನ್ ಮಾಡಲು ಎಂಥದ್ದೂ ಇಲ್ಲ. ಮೆಸೇಜ್‌ನಲ್ಲೇ ಬರೆದು ಕೇಳಿ, ಫೋನಿನಲ್ಲಿ ಬೇಡ. ಎರಡೂ ಕೆಎಫ್‌ಎಸ್ ಬಂದರೆ ಎಪಿಆರ್ ಮತ್ತು ಮೊದಲ ಎರಡು ಸಾಲಿನ ಬಡ್ಡಿ ಇಲ್ಲಿ ಹಾಕಿ, ಹೆಸರು, ಲೋನ್ ನಂಬರ್, ಫೋನ್ ನಂಬರ್ ಮುಚ್ಚಿ.